ಒಂದು ರೂಪಾಯಿ ಟ್ರಯಲ್, ನಾಳೆ 499 ಕಟ್ ಅಂತ ಮೆಸೇಜ್

ಶೈಲಾ, ಗದಗ: ವಿನಾಯಕ ಸರ್, ಈಗ ಮಧ್ಯಾಹ್ನ ಈ ಮೆಸೇಜ್ ಬಂತು. ಹೋದ ವಾರ ಮಗಳು ಇಂಗ್ಲಿಷ್ ಕಲಿಯೋ ಆ್ಯಪ್ ಹಾಕಿದ್ದಳು. 7 ದಿನಕ್ಕೆ ಒಂದೇ ರೂಪಾಯಿ ಅಂತ ಇತ್ತು, ನಾನೇ ಪಿನ್ ಹಾಕಿದೆ. ಇಷ್ಟ ಆಗಲಿಲ್ಲ, ಮರುದಿನವೇ ಡಿಲೀಟ್ ಮಾಡಿದ್ವಿ. ಪ್ಲೇ ಸ್ಟೋರ್‌ನಲ್ಲಿ ಸಬ್‌ಸ್ಕ್ರಿಪ್ಷನ್ ಪಟ್ಟಿನೂ ಖಾಲಿ ಇದೆ. ಇದು ಮೋಸದ ಮೆಸೇಜಾ?

```
Rs.499.00 will be debited from your A/c XX4417
on 14-06 towards UPI AUTOPAY mandate.
```

ವಿನಾಯಕ, ಬ್ಯಾಂಕ್, ಹುಬ್ಬಳ್ಳಿ: ಮೋಸದ್ದು ಅನಿಸಲ್ಲ ಅಕ್ಕಾರ. ಲಿಂಕ್ ಇಲ್ಲ, ಈ ನಂಬರಿಗೆ ಫೋನ್ ಮಾಡಿ ಅಂತಲೂ ಇಲ್ಲ. ಹಣ ತೆಗೆಯುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕು ಅನ್ನೋದು ಆರ್‌ಬಿಐ ನಿಯಮ, ಅದಕ್ಕೇ ಇದು ಬಂದಿದೆ. ಆದರೆ ಇದು ಒಪ್ಪಿಗೆ ಕೇಳುವ ಮೆಸೇಜ್ ಅಲ್ಲ. ಒಪ್ಪಿಗೆ ನೀವು ಹೋದ ವಾರವೇ ಕೊಟ್ಟಿದ್ದೀರಿ. ಈಗ ಸುಮ್ನೆ ಕೂತರೆ ನಾಳೆ ಹಣ ಹೋಗುತ್ತದೆ.

ಅವತ್ತು ನೀವು ಪಿನ್ ಹಾಕಿದ್ದು ಒಂದು ರೂಪಾಯಿ ಕೊಡೋಕೆ ಮಾತ್ರ ಅಲ್ಲ. ಅದೇ ಪಿನ್‌ನಲ್ಲಿ ಇನ್ನು ಮುಂದೆ ನನ್ನ ಖಾತೆಯಿಂದ ನೀವೇ ತೆಗೆದುಕೊಳ್ಳಿ ಅಂತ ಮ್ಯಾಂಡೇಟ್ ಬರೆದುಕೊಟ್ಟ ಹಾಗಾಯಿತು. ಪಿನ್ ಹಾಕುವ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ₹1 ಇರುತ್ತದೆ, ಅದರ ಕೆಳಗೆ ಸಣ್ಣಕ್ಷರದಲ್ಲಿ ಆಟೋಪೇ, ಗರಿಷ್ಠ ಮೊತ್ತ, ಎಲ್ಲಿಯವರೆಗೆ ಅನ್ನೋದು. ಯಾರೂ ಓದಲ್ಲ, ನಾನೂ ಒಮ್ಮೆ ಓದಿರಲಿಲ್ಲ.

ಪ್ಲೇ ಸ್ಟೋರ್ ಪಟ್ಟಿ ಯಾಕೆ ಖಾಲಿ ಅಂದ್ರೆ, ಅಲ್ಲಿ ಕಾಣೋದು ಪ್ಲೇ ಸ್ಟೋರ್ ಮೂಲಕವೇ ತೆಗೆದುಕೊಂಡ ಚಂದಾ ಮಾತ್ರ. ನಿಮ್ಮ ಆ್ಯಪ್ ನೇರವಾಗಿ ಯುಪಿಐ ಕಡೆ ಕಳಿಸಿ ಮ್ಯಾಂಡೇಟ್ ಮಾಡಿಸಿಕೊಂಡಿದೆ. ಆ ಕಾಗದ ಈಗ ಇರೋದು ಬ್ಯಾಂಕ್ ಮತ್ತು ಯುಪಿಐ ವ್ಯವಸ್ಥೆಯಲ್ಲಿ. ಫೋನಿನಿಂದ ಆ್ಯಪ್ ತೆಗೆದರೆ ಅದಕ್ಕೆ ಗೊತ್ತೇ ಆಗಲ್ಲ.

ಈಗಲೇ ಮಾಡಿ, ಬೆಳಿಗ್ಗೆಗೆ ಬಿಡಬೇಡಿ. ಪಿನ್ ಹಾಕಿದ ಯುಪಿಐ ಆ್ಯಪ್ ತೆಗೆದು, ನಿಮ್ಮ ಪ್ರೊಫೈಲ್ ಒತ್ತಿ, ಅಲ್ಲಿ `Autopay` ಅಂತ ಹುಡುಕಿ. ಆ ಸಾಲನ್ನು ತೆರೆದು, ಕೆಳಗೆ ರದ್ದು ಮಾಡುವ ಬಟನ್ ಒತ್ತಿ, ಪಿನ್ ಹಾಕಿ. `Pause` ಬೇಡ, ಅದು ತಡೆಹಿಡಿದಂತೆ, ಮತ್ತೆ ಶುರುವಾಗಬಹುದು. ರದ್ದಾಯಿತು ಅಂತ ಮೆಸೇಜ್ ಬಂದ ಮೇಲೆ ಸ್ಕ್ರೀನ್‌ಶಾಟ್ ತೆಗೆದಿಡಿ. ಗರಿಷ್ಠ ಮೊತ್ತ ಎಷ್ಟಿದೆ ಅಂತ ಇಲ್ಲಿ ಹೇಳಿ, ನನಗೆ ಅದೇ ಚಿಂತೆ.

ಬಸವರಾಜ, ಹಾವೇರಿ: ಇಷ್ಟೆಲ್ಲ ಯಾಕ್ರೀ? ಆ ಖಾತೆಯಲ್ಲಿ ಹಣ ಇಡದೇ ಇದ್ರೆ ಆಯ್ತು. ಹಣವೇ ಇಲ್ಲ ಅಂದ್ರೆ ಏನು ಕಟ್ ಮಾಡ್ತಾರೆ? ನಾನು ಹಾಗೇ ಮಾಡೋದು.

ವಿನಾಯಕ: ಈ ಸಲ ಕಟ್ ಆಗಲ್ಲ, ನಿಜ. ಆದರೆ ಒಂದು ಸಲ ಆಗದಿದ್ರೆ ಮತ್ತೆ ಪ್ರಯತ್ನಿಸುತ್ತದೆ. ಮುಂದಿನ ತಿಂಗಳು ಸಂಬಳ ಬಂದಾಗ ಮ್ಯಾಂಡೇಟ್ ಹಾಗೇ ಇರುತ್ತದೆ. ಸಾಲದ ಕಂತು ಅದೇ ಖಾತೆಯಿಂದ ಹೋಗ್ತಿದ್ರೆ ಅದೂ ಬೌನ್ಸ್ ಆಗುತ್ತದೆ, ಅದಕ್ಕೆ ದಂಡ ಬೇರೆ.

ಗಿರಿಜಾ, ಧಾರವಾಡ: ಒಟಿಪಿ ಬರದೆ ಹೇಗೆ ಹಣ ಹೋಗುತ್ತೆ ಸರ್? ಬ್ಯಾಂಕಿನವರು ಒಟಿಪಿ ಕೇಳಲೇಬೇಕು ಅಲ್ವಾ?

ವಿನಾಯಕ: ಮೊದಲ ಸಲ ಪಿನ್ ಅಥವಾ ಒಟಿಪಿ ಬೇಕು. ಆಮೇಲೆ ಪ್ರತಿ ಕಂತು 15,000 ರೂಪಾಯಿವರೆಗೆ ಮತ್ತೆ ಕೇಳಬೇಕಿಲ್ಲ. 2022ರ ಜೂನ್‌ವರೆಗೆ ಅದು 5,000 ಇತ್ತು.

ರುದ್ರಪ್ಪ, ನವಲಗುಂದ: 🙏 ಎಲ್ಲರಿಗೂ ಕಳಿಸಿ 🙏 ಆರ್‌ಬಿಐ ಹೊಸ ಆದೇಶ! ನಿಮ್ಮ ಫೋನಿಂದ STOP ಎಂದು ಬರೆದು ಈ ಕೆಳಗಿನ ನಂಬರಿಗೆ ಮೆಸೇಜ್ ಮಾಡಿ, ಎಲ್ಲ ಆಟೋಪೇ ಒಂದೇ ಸಲ ಬಂದ್! ಈ ಮಾಹಿತಿ ಬ್ಯಾಂಕಿನವರು ಹೇಳಲ್ಲ!!

ವಿನಾಯಕ: ಬ್ಯಾಂಕಿನವರು ಹೇಳಲ್ಲ, ಯಾಕಂದ್ರೆ ಅಂಥದ್ದು ಇಲ್ಲ. ರುದ್ರಪ್ಪಣ್ಣ, ಆ ನಂಬರನ್ನು ಯಾರೂ ಬಳಸಬೇಡಿ, ದಯವಿಟ್ಟು ಅಳಿಸಿ. ಇಂಥ ನಂಬರಿಗೆ ಮೆಸೇಜ್ ಮಾಡಿದವರಿಗೆ ಅರ್ಧ ಗಂಟೆಯಲ್ಲಿ "ಕಸ್ಟಮರ್ ಕೇರ್" ಫೋನ್ ಬರುತ್ತದೆ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುತ್ತಾರೆ, ಆಮೇಲೆ 499 ಅಲ್ಲ, ಖಾತೆಯೇ ಖಾಲಿ. ಹೋದ ತಿಂಗಳು ನಮ್ಮ ಶಾಖೆಗೇ ಒಬ್ಬ ತಾಯಿ ಅಳುತ್ತಾ ಬಂದಿದ್ದರು.

ರುದ್ರಪ್ಪ: ನಾನು ಒಳ್ಳೆಯದಕ್ಕೇ ಹಾಕಿದೆ.

ಮಂಜುನಾಥ, ಹುಬ್ಬಳ್ಳಿ: ತಪ್ಪು ನಮ್ಮದೇ. ಮಕ್ಕಳ ಕೈಗೆ ಫೋನ್ ಕೊಟ್ಟು, ಪಿನ್ನೂ ಹಾಕಿಕೊಟ್ಟು, ಆಮೇಲೆ ಕಂಪನಿ ಮೇಲೆ ಹಾಕೋದು. ಷರತ್ತು ಓದಬೇಕಿತ್ತು.

ಗಿರಿಜಾ: ನೀವು ಓದ್ತೀರಾ ಮಂಜುನಾಥ? ದುರ್ಗದಬೈಲಿನಲ್ಲಿ ಒಂದು ರೂಪಾಯಿಗೆ ಗಿರ್ಮಿಟ್ ರುಚಿ ನೋಡಿ ಅಂತ ಕೊಟ್ಟು, ಮುಂದಿನ ತಿಂಗಳು ಅಂಗಡಿಯವನು ಮನೆಗೆ ಬಂದು 499 ಕೇಳಿದರೆ, ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ ಬರೆದಿತ್ತು ಅಂದರೆ ಕೊಡ್ತೀರಾ?

ಮಂಜುನಾಥ: ಗಿರ್ಮಿಟ್‌ಗೂ ಇದಕ್ಕೂ ಏನು ಸಂಬಂಧ? ಇಲ್ಲಿ ಪಿನ್ ಹಾಕಿದ್ದಾರೆ, ಅದು ಸಹಿ ಇದ್ದ ಹಾಗೆ.

ಗಿರಿಜಾ: ಸಹಿ ಹಾಕಿಸಿಕೊಳ್ಳುವಾಗ ಕಾಗದದ ಮೇಲೆ ಬೆರಳಿಟ್ಟು ಮುಚ್ಚಿದವರು ಯಾರು? ಇಂಥ ಚಂದಾ ಬಲೆ ಬೇಡ ಅಂತ 2023ರಲ್ಲೇ ಸರ್ಕಾರ ನಿಯಮ ಮಾಡಿದೆ.

ಮಂಜುನಾಥ: ನಿಯಮ ಇದ್ದರೆ ನೀವೇ ಹಣ ವಾಪಸ್ ಕೊಡಿಸಿ, ನೋಡೋಣ.

ಶೈಲಾ: ಜಗಳ ನಿಲ್ಲಿಸಿ, ನನಗೆ ಅರ್ಜೆಂಟ್ ಇದೆ. ಸರ್, ಆಟೋಪೇ ಪುಟದಲ್ಲಿ ಆ ಆ್ಯಪಿನ ಹೆಸರೇ ಇಲ್ಲ. ಮೊಬೈಲ್ ರೀಚಾರ್ಜ್ ಒಂದು ಇದೆ, ಅಷ್ಟೇ. ಹಾಗಾದ್ರೆ ಯಾವುದು?

ವಿನಾಯಕ: ಇದೇ ಇದರ ಮಜಾ, ಅಂದ್ರೆ ಗೋಳು. ಮೂರು ಸಾಧ್ಯತೆ ಇದೆ. ಮೊದಲನೆಯದು, ಅಲ್ಲಿ ಆ್ಯಪ್ ಹೆಸರು ಇರೋದೇ ಇಲ್ಲ, ಕಂಪನಿಯ ನೋಂದಾಯಿತ ಹೆಸರು ಇರುತ್ತದೆ, ಕೆಲವೊಮ್ಮೆ ಹಣ ವಸೂಲಿ ಮಾಡಿಕೊಡುವ ಇನ್ನೊಬ್ಬರದ್ದು. ಅದಕ್ಕೆ ಹೆಸರು ನೋಡಬೇಡಿ, ಮೊತ್ತ ಮತ್ತು ಶುರುವಾದ ದಿನಾಂಕ ನೋಡಿ. ಎರಡನೆಯದು, ನಿಮ್ಮ ಫೋನಿನಲ್ಲಿ ಎರಡು ಯುಪಿಐ ಆ್ಯಪ್ ಇರಬಹುದು, ಪಿನ್ ಹಾಕಿದ್ದು ಇನ್ನೊಂದರಲ್ಲಿ. ಮೂರನೆಯದು, ಪಿನ್ ಹಾಕಿದ್ದು ನಿಮ್ಮ ಫೋನಾ, ಯಜಮಾನರ ಫೋನಾ? ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಯಾರದ್ದು?

ಶೈಲಾ: ಅಯ್ಯೋ 4417 ನಮ್ಮ ಯಜಮಾನರದ್ದು! ಮೆಸೇಜ್ ನನಗೆ ಬಂದದ್ದು ಯಾಕಂದ್ರೆ ಆ ಖಾತೆಗೆ ನನ್ನ ನಂಬರನ್ನೂ ಎಚ್ಚರಿಕೆಗೆ ಕೊಟ್ಟಿದ್ದಾರೆ. ಅವರ ಫೋನಿನಲ್ಲೇ ಮಾಡಿದ್ದು, ಮರೆತಿದ್ದೆ. ಅವರು ಮುಂಡರಗಿಗೆ ಹೋಗಿದ್ದಾರೆ, ಸಂಜೆ ಬರ್ತಾರೆ.

ವಿನಾಯಕ: ಸಂಜೆವರೆಗೆ ಕಾಯಬೇಡಿ. ಫೋನ್ ಮಾಡಿ ಅವರಿಗೇ ತೆಗೆಯಲು ಹೇಳಿ. ಪಿನ್ ನಿಮಗೆ ಹೇಳಿಸಿಕೊಳ್ಳಬೇಡಿ, ಅವರೇ ಹಾಕಲಿ.

ಸಂತೋಷ, ಹುಬ್ಬಳ್ಳಿ: ಸರ್ ನನಗೆ ನಾಲ್ಕು ತಿಂಗಳಿಂದ 199 ಹೋಗ್ತಿದೆ, ಬೇರೆ ಆ್ಯಪ್, ನೋಡೇ ಇಲ್ಲ. ವಾಪಸ್ ಬರುತ್ತಾ?

ವಿನಾಯಕ: ಮೊದಲು ಮ್ಯಾಂಡೇಟ್ ರದ್ದು ಮಾಡಿ. ಪ್ಲೇ ಸ್ಟೋರ್ ಮೂಲಕ ಹೋಗಿದ್ದರೆ ಕೊನೆಯ ಕಂತಿನ 48 ಗಂಟೆಯೊಳಗೆ ಅಲ್ಲೇ ಕೇಳಿನೋಡಿ. ಹಳೆಯದಕ್ಕೆ ಕಂಪನಿಗೆ ಇಮೇಲ್, ಕೇಳದಿದ್ರೆ ಗ್ರಾಹಕ ಸಹಾಯವಾಣಿ 1915. ಬ್ಯಾಂಕ್ ಕೊಡಲ್ಲ, ಯಾಕಂದ್ರೆ ದಾಖಲೆ ಪ್ರಕಾರ ನೀವೇ ಒಪ್ಪಿದ್ದೀರಿ.

ಸಂತೋಷ: ನಾಲ್ಕೂ ತಿಂಗಳದ್ದು ಬರಲ್ಲ ಅಂತೀರಾ?

ವಿನಾಯಕ: ಬರಬಹುದು. ಖಾತ್ರಿ ಇಲ್ಲ.

ಪ್ರವೀಣ, ಧಾರವಾಡ: ನನ್ನದು ಐಫೋನ್. ಟ್ರಯಲ್ ನಾಳೆ ಮುಗಿಯುತ್ತೆ, ನಾಳೆ ಬೆಳಿಗ್ಗೆ ರದ್ದು ಮಾಡಿದ್ರೆ ನಡೆಯುತ್ತಾ?

ವಿನಾಯಕ: ತಡ ಆಗಬಹುದು. ಆ್ಯಪಲ್ ಹೇಳೋದು ಟ್ರಯಲ್ ಮುಗಿಯುವ ಕನಿಷ್ಠ 24 ಗಂಟೆ ಮೊದಲು. ಈಗ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿ, `Subscriptions`.

ನಿಂಗಪ್ಪ, ಶಿಗ್ಗಾಂವಿ: ನಮ್ಮ ಟಿವಿ ರೀಚಾರ್ಜ್ ಮಾಡಿದ್ರೂ ಚಾನಲ್ ಬರ್ತಿಲ್ಲ, ಇದಕ್ಕೂ ಇದೇ ಮಾಡಬೇಕಾ?

ಬಸವರಾಜ: ವಿನಾಯಕ ಸರ್, ಆ್ಯಪ್ ಡಿಲೀಟ್ ಮಾಡಿ, ಯುಪಿಐ ಪಿನ್ನೂ ಬದಲಾಯಿಸಿದರೆ?

ವಿನಾಯಕ: ಪಿನ್ ಬದಲಾಯಿಸಿದರೂ ಮ್ಯಾಂಡೇಟ್ ಇರುತ್ತದೆ. ಮೇಲೆ ಬರೆದಿದ್ದೇನೆ.

ಬಸವರಾಜ: ಪಿನ್ ಬಗ್ಗೆ ಬರೆದಿಲ್ಲ ನೀವು.

ವಿನಾಯಕ: ಆಯ್ತು, ಈಗ ಬರೆದೆ.

ಮಂಜುನಾಥ: ಒಂದು ಪ್ರಶ್ನೆ ಯಾರೂ ಕೇಳ್ತಿಲ್ಲ. ಮ್ಯಾಂಡೇಟ್ ರದ್ದು ಮಾಡಿದ್ರೆ ಚಂದಾ ರದ್ದಾಯಿತಾ? ನಾಳೆ ಕಂಪನಿಯವರು ಬಾಕಿ ಇದೆ ಅಂತ ಫೋನ್ ಮಾಡಿದರೆ?

ವಿನಾಯಕ: ಒಳ್ಳೆ ಪ್ರಶ್ನೆ, ಒಪ್ಪುತ್ತೇನೆ. ಎರಡೂ ಬೇರೆ ಬೇರೆ. ಮ್ಯಾಂಡೇಟ್ ಅಂದರೆ ಹಣ ಹೋಗುವ ಬಾಗಿಲು, ಚಂದಾ ಅಂದರೆ ಕಂಪನಿ ಜೊತೆಗಿನ ಒಪ್ಪಂದ. ಅದಕ್ಕೆ ಆ್ಯಪ್ ಮತ್ತೆ ಹಾಕಿ, ಲಾಗಿನ್ ಆಗಿ, ಒಳಗಿನಿಂದಲೂ ಚಂದಾ ರದ್ದು ಮಾಡಿ, ಇಲ್ಲವೇ ಅವರಿಗೆ ಒಂದು ಇಮೇಲ್ ಬರೆದು ಪ್ರತಿ ಇಟ್ಟುಕೊಳ್ಳಿ. ಮೊದಲು ಬಾಗಿಲು ಹಾಕಿ, ಆಮೇಲೆ ಇದು.

ಗಿರಿಜಾ: ಬಳಸದೇ ಇದ್ದ ಮೇಲೆ ಬಾಕಿ ಎಲ್ಲಿಂದ ಬಂತು? ಕೊಡಬೇಕಾಗಿಲ್ಲ.

ಮಂಜುನಾಥ: ಅದು ಕಂಪನಿಯ ಷರತ್ತಿನ ಮೇಲೆ ಹೋಗುತ್ತೆ, ವಕೀಲರನ್ನು ಕೇಳಿ. ಇಲ್ಲಿ ಕೂತು ತೀರ್ಪು ಕೊಡಬೇಡಿ.

ಗಿರಿಜಾ: ತೀರ್ಪು ಕೊಡೋಕೆ ಶುರು ಮಾಡಿದ್ದು ಯಾರು ಅಂತ ಮೇಲೆ ನೋಡಿ.

ಶೈಲಾ: ಸಿಕ್ತು ಸರ್. ಯಜಮಾನರು ಸ್ಕ್ರೀನ್‌ಶಾಟ್ ಕಳಿಸಿದ್ರು. ಹೆಸರು ಯಾವುದೋ ಪ್ರೈವೇಟ್ ಲಿಮಿಟೆಡ್, ನಾವು ಕೇಳೇ ಇಲ್ಲ. ಗರಿಷ್ಠ ಮೊತ್ತ 1,999, ಅವಧಿ 2055ರವರೆಗೆ!

ವಿನಾಯಕ: ನಾನು ಹೆದರಿದ್ದು ಇದಕ್ಕೇ. ನೋಡಿ, 499 ಈ ತಿಂಗಳ ಕಂತು ಮಾತ್ರ. ಮ್ಯಾಂಡೇಟ್‌ನಲ್ಲಿ ಒಪ್ಪಿದ್ದು 1,999ರವರೆಗೆ. ಅವರು ಬೆಲೆ ಏರಿಸಿದರೂ, ಮೂರು ತಿಂಗಳ ಯೋಜನೆಗೆ ಹಾಕಿದರೂ, ಆ ಮಿತಿಯೊಳಗೆ ಇದ್ದರೆ ಮತ್ತೆ ಪಿನ್ ಕೇಳೋದಿಲ್ಲ, ಮೊದಲೇ ಒಂದು ಮೆಸೇಜ್ ಬರುತ್ತದೆ ಅಷ್ಟೇ. ನೀವು ಈ ಸಲ ಮೆಸೇಜ್ ಓದಿದಿರಿ. ನಮ್ಮಲ್ಲಿ ದೂರು ಕೊಡುವ ಹೆಚ್ಚಿನವರು ಓದಿರೋದೇ ಇಲ್ಲ, ಆಫರ್ ಮೆಸೇಜುಗಳ ನಡುವೆ ಇದೂ ಸೇರಿಹೋಗಿರುತ್ತದೆ. ಅವಧಿ ಯಾಕೆ ಅಷ್ಟು ಉದ್ದ ಅಂದ್ರೆ, ನೀವಾಗಿ ರದ್ದು ಮಾಡೋವರೆಗೆ ನಡೆಯಲಿ ಅಂತ. ಅವಧಿ ಮುಗಿದು ತಾನಾಗೇ ನಿಲ್ಲುತ್ತೆ ಅಂತ ಕಾಯಬೇಡಿ, ಆಗ ನಿಮ್ಮ ಮಗಳಿಗೇ ಮಕ್ಕಳಿರುತ್ತಾರೆ. ರದ್ದು ಮಾಡಿದ್ರಾ?

ಶೈಲಾ: ಮಾಡಿದ್ರು, ಮೆಸೇಜೂ ಬಂತು. ಆದರೆ ಅದೇ ಪುಟದಲ್ಲಿ ಇನ್ನೂ ಎರಡು ಇವೆ. ಒಂದು ತಿಂಗಳಿಗೆ 2,000, ಅದು ಯಾವುದು ಅಂತ ಅವರಿಗೂ ನೆನಪಿಲ್ಲ. ಅದನ್ನೂ ತೆಗೆದುಬಿಡಲಾ?

ವಿನಾಯಕ: ನಿಲ್ಲಿ! ತೆಗೆಯಬೇಡಿ. ರೌಂಡ್ ಫಿಗರ್ ಮೊತ್ತ, ಪ್ರತಿ ತಿಂಗಳು ಅಂದರೆ ಅದು ಮ್ಯೂಚುವಲ್ ಫಂಡ್‌ನ ಎಸ್‌ಐಪಿ ಇರಬಹುದು. ಪಾಸ್‌ಬುಕ್‌ನಲ್ಲಿ ಹಿಂದಿನ ಕಂತಿನ ಸಾಲು ನೋಡಿ, ಹೆಸರು ಅಲ್ಲಿ ಇನ್ನಷ್ಟು ಪೂರ್ತಿ ಇರುತ್ತದೆ.

ರುದ್ರಪ್ಪ: ಇದಕ್ಕೇ ಹೇಳಿದ್ದು, ಒಂದೇ STOP ಮೆಸೇಜಿನಲ್ಲಿ ಎಲ್ಲ ಬಂದ್ ಆಗಿದ್ರೆ ಈ ಗೊಂದಲವೇ ಇರ್ತಿರಲಿಲ್ಲ.

ವಿನಾಯಕ: ರುದ್ರಪ್ಪಣ್ಣ, ಎಸ್‌ಐಪಿನೂ ಬಂದ್ ಆಗ್ತಿತ್ತು. ನಂಬರ್ ಇನ್ನೂ ಮೇಲೆ ಇದೆ, ಅಳಿಸಿ ಅಂದಿದ್ದೆ. ಅಡ್ಮಿನ್ ಎಲ್ಲಿ?

ನಿಂಗಪ್ಪ: ಟಿವಿದು ಯಾರೂ ಹೇಳಲೇ ಇಲ್ಲ.