ಲ್ಯಾಪ್‌ಟಾಪ್ 30% ಇರುವಾಗ್ಲೇ ಆಫ್ ಆಗ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ, ನಾನು ಮೂಡಿಗೆರೆ ಹತ್ರ ಇರೋದು, ಮಳೆ ಶುರುವಾದ್ರೆ ಇಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ, ಹಾಗಾಗಿ ಬ್ಯಾಟರಿ ಇಲ್ದೆ ನನ್ನ ಕೆಲಸ ನಡೆಯಲ್ಲ. ನಾಲ್ಕು ವರ್ಷದ ಲ್ಯಾಪ್‌ಟಾಪ್, ಮೂರು ಸೆಲ್ ಬ್ಯಾಟರಿ. ಒಂದು ತಿಂಗಳಿಂದ 34% ಇದ್ದದ್ದು ಒಂದೇ ಸಲ 9%ಗೆ ಇಳಿಯುತ್ತೆ, ಇಲ್ಲಾಂದ್ರೆ 30%ನಲ್ಲೇ ವಾರ್ನಿಂಗೂ ಕೊಡದೆ ಪಟ್ ಅಂತ ಆಫ್.

ಕ್ಯಾಲಿಬ್ರೇಶನ್ ಎರಡು ಸಲ ಮಾಡ್ದೆ. ಫುಲ್ ಚಾರ್ಜ್ ಮಾಡಿ ಎರಡು ಗಂಟೆ ಹಾಗೇ ಬಿಟ್ಟು, ಆಮೇಲೆ ತಾನಾಗೇ ಆಫ್ ಆಗೋವರೆಗೂ ಓಡಿಸಿ, ಮತ್ತೆ ಮಧ್ಯ ತೆಗೀದೆ 100%ವರೆಗೆ ಚಾರ್ಜ್ ಹಾಕ್ದೆ. ನಾಲ್ಕು ದಿನ ಸರಿ ಇತ್ತು, ಮತ್ತೆ ಅದೇ ಕಥೆ. ಆಮೇಲೆ ಈ ಕಮಾಂಡ್ ಹಾಕಿ ರಿಪೋರ್ಟ್ ನೋಡ್ದೆ:

```
powercfg /batteryreport
```

DESIGN CAPACITY 41,000 mWh, FULL CHARGE CAPACITY 33,500 mWh. ಅಂದ್ರೆ ಇನ್ನೂ 80% ಮೇಲೇ ಇದೆ, ಇದನ್ನ ನೋಡಿದ್ರೆ ಬ್ಯಾಟರಿ ಚೆನ್ನಾಗಿದೆ ಅನ್ಸುತ್ತೆ.

ನನಗೆ ಗೊಂದಲ ಆಗಿರೋದು ಇಲ್ಲೇ. ಸುಮ್ನೆ ಟೈಪ್ ಮಾಡ್ತಾ ಇದ್ರೆ 15%ವರೆಗೂ ಬರುತ್ತೆ, ವಿಡಿಯೋ ಕಾಲ್ ಶುರು ಮಾಡಿದ ತಕ್ಷಣ 30%ಗೇ ಹೋಗುತ್ತೆ. ಆಫ್ ಆದ್ಮೇಲೆ ಹತ್ತು ನಿಮಿಷ ಬಿಟ್ಟು ಚಾರ್ಜರ್ ಇಲ್ದೆ ಆನ್ ಮಾಡಿದ್ರೆ ಮತ್ತೆ 26% ತೋರಿಸಿ ಆನೂ ಆಗುತ್ತೆ. ಬರೀ ಲೆಕ್ಕ ತಪ್ಪಿ ಬ್ಯಾಟರಿ ನಿಜಕ್ಕೂ ಖಾಲಿ ಆಗಿದ್ರೆ ಮತ್ತೆ ಹೀಗೆ ಆನ್ ಆಗ್ಬಾರ್ದಲ್ವಾ? ಒಂದು ಸೆಲ್ ವೀಕ್ ಆಗಿ, ಲೋಡ್ ಬಿದ್ದಾಗ ಅದರ ವೋಲ್ಟೇಜ್ ಕುಸಿದು, ಬ್ಯಾಟರಿ ಒಳಗಿನ ಸರ್ಕ್ಯೂಟೇ ಕಟ್ ಮಾಡ್ತಿದೆ ಅಂತ ನನ್ನ ಅನುಮಾನ. ಬ್ಯಾಟರಿ ಊದ್ಕೊಂಡಿಲ್ಲ, ಟಚ್‌ಪ್ಯಾಡ್ ಸಮ ಇದೆ.

ಗೊತ್ತಿರೋರು ದಯವಿಟ್ಟು ಹೇಳಿ, ಫುಲ್ ಚಾರ್ಜ್ ಕೆಪ್ಯಾಸಿಟಿ 80% ಮೇಲಿದ್ರೂ ಹೀಗೆ ಲೋಡ್‌ಗೆ ಆಫ್ ಆದ್ರೆ ಅದು ಸೆಲ್ ಹೋಗಿರೋದೇನಾ, ಹೊಸ ಬ್ಯಾಟರಿನೇ ಹಾಕಿಸ್ಬೇಕಾ, ಅಥವಾ ಇನ್ನೊಂದು ಸಲ ಕ್ಯಾಲಿಬ್ರೇಶನ್ ಮಾಡಿ ನೋಡ್ಬಹುದಾ?