ತೊಡೆಸಂದಿನ ತುರಿಕೆಗೆ ಯಾವ ಪದ: ದದ್ದೋ, ಹುಳುಕಡ್ಡಿಯೋ?

ಎಲ್ಲರಿಗೂ ನಮಸ್ಕಾರ. ಪೀಣ್ಯದ ಕೆಲಸಗಾರರಿಗೆ ಹಂಚಲು ಒಂದು ಪುಟದ ಚೀಟಿ ಬರೆಯುತ್ತಿದ್ದೇನೆ, ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ಬರೆಯಬೇಕು ಅನ್ನಿಸಿದ್ದು ನನ್ನ ತಮ್ಮನಿಂದ. ಅವನದು ದಿನವಿಡೀ ಬೈಕಿನಲ್ಲಿ ಊಟ ತಲುಪಿಸುವ ಕೆಲಸ, ಏಪ್ರಿಲ್ ಬಿಸಿಲಿನಲ್ಲೂ ಬಿಗಿ ಜೀನ್ಸ್. ತೊಡೆಸಂದು ಕೆಂಪಾಗಿ ರಾತ್ರಿಯೆಲ್ಲ ತುರಿಸತೊಡಗಿತು. ಮೆಡಿಕಲ್ ಶಾಪಿಗೆ ಹೋಗಿ "ಉಷ್ಣಕ್ಕೆ ದದ್ದು ಎದ್ದಿದೆ" ಎಂದ, ಅವರು ಒಂದು ಟ್ಯೂಬ್ ಕೊಟ್ಟರು. ಎರಡೇ ದಿನಕ್ಕೆ ತುರಿಕೆ ನಿಂತಿತು, ಹಚ್ಚುವುದನ್ನು ಬಿಟ್ಟ. ವಾರದೊಳಗೆ ಮೊದಲಿಗಿಂತ ಅಗಲವಾಗಿ ಬಂತು. ಹೀಗೆ ಮೂರು ಟ್ಯೂಬ್ ಮುಗಿದವು. ಕೊನೆಗೆ ಡಾಕ್ಟರು ಟ್ಯೂಬನ್ನು ಬೆಳಕಿಗೆ ಹಿಡಿದು ಸಣ್ಣ ಅಕ್ಷರದಲ್ಲಿದ್ದ 'ಕ್ಲೊಬೆಟಸಾಲ್' ಅನ್ನೋ ಹೆಸರು ತೋರಿಸಿ, ಇದು ಸ್ಟಿರಾಯ್ಡ್, ನಿನಗೆ ಆಗಿರುವುದು ಫಂಗಸ್ ಎಂದರು. ಅಂಗಡಿಯಲ್ಲಿ ಅವನು ಬೇರೆ ಪದ ಹೇಳಿದ್ದರೆ ಬೇರೆ ಟ್ಯೂಬ್ ಸಿಗುತ್ತಿತ್ತೇನೋ. ಅದಕ್ಕೇ ಕೇಳುತ್ತಿದ್ದೇನೆ, ಚೀಟಿಯಲ್ಲಿ ಏನೆಂದು ಬರೆಯಲಿ?

ನಿವೃತ್ತ ಕನ್ನಡ ಮೇಷ್ಟ್ರು, ಮಲ್ಲೇಶ್ವರ:
ಇದರಲ್ಲಿ ಗೊಂದಲವೇ ಇಲ್ಲ. ಸಂಸ್ಕೃತದ 'ದದ್ರು' ಎಂದರೆ ಇದೇ ಕಾಯಿಲೆ, ಅದರ ತದ್ಭವವೇ 'ದದ್ದು'. ನಿಮ್ಮ ತಮ್ಮ ಹೇಳಿದ ಪದ ಸರಿಯಾಗಿಯೇ ಇತ್ತು.

ಗೃಹಿಣಿ, ಯಲಹಂಕ:
ನನ್ನ ಮಗನಿಗೂ ಬೇಸಿಗೆಯಲ್ಲಿ ಹೀಗೇ ಆಗುತ್ತದೆ, ಕುತ್ತಿಗೆ ಬೆನ್ನೆಲ್ಲ ಸಣ್ಣ ಕೆಂಪು ಗುಳ್ಳೆ. ನಾವು ಬೆವರುಸಾಲೆ ಅನ್ನುತ್ತೇವೆ. ಸಡಿಲ ಹತ್ತಿ ಬಟ್ಟೆ ಹಾಕಿ ತಣ್ಣಗಿಟ್ಟರೆ ಎರಡು ದಿನಕ್ಕೆ ಹೋಗುತ್ತದೆ. ಕ್ರೀಮೇ ಬೇಡ.

ಚರ್ಮದ ವೈದ್ಯೆ, ಬಸವನಗುಡಿ:
ಮೇಷ್ಟ್ರೇ, ಪದದ ಮೂಲ ನೀವು ಹೇಳಿದ್ದೇ. ಆದರೆ ಈಗ ಜನ ಆ ಅರ್ಥದಲ್ಲಿ ಮಾತ್ರ ಆಡುವುದಿಲ್ಲ. ಸೊಳ್ಳೆ ಕಚ್ಚಿದರೂ ದದ್ದು, ಮಾತ್ರೆ ಆಗಿಬರದೆ ಮೈಯೆಲ್ಲ ಉಬ್ಬಿದರೂ ದದ್ದು. ಕೇಳಿದವರು ಅಲರ್ಜಿ ಅಂದುಕೊಂಡು ಸ್ಟಿರಾಯ್ಡ್ ಕೊಟ್ಟುಬಿಡುತ್ತಾರೆ. ಅದು ಕೆಂಪು, ತುರಿಕೆ ಎರಡನ್ನೂ ಅಡಗಿಸುತ್ತದೆ, ಫಂಗಸ್ ಮಾತ್ರ ಒಳಗೆ ಬೆಳೆಯುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿನ ತೆಳು ಚರ್ಮದಲ್ಲಿ ಬಸುರಿಯ ಹೊಟ್ಟೆಯ ಮೇಲಿನಂಥ ಗೆರೆಗಳು ಬೀಳುತ್ತವೆ, ಅವು ಪೂರ್ತಿ ಹೋಗುವುದಿಲ್ಲ.

ನನ್ನ ಹತ್ತಿರ ಬರುವವರು 'ಹುಳುಕಡ್ಡಿ' ಅಂದರೆ ನನಗೆ ತಕ್ಷಣ ಗೊತ್ತಾಗುತ್ತದೆ, ಏಕೆಂದರೆ ಆ ಪದದ ಜೊತೆ ಅಂಚಿನ ಚಿತ್ರ ಬರುತ್ತದೆ. ಅಂಚು ಉಬ್ಬಿ, ಹೊಟ್ಟು ಎದ್ದು, ತೊಡೆಯ ಒಳಭಾಗಕ್ಕೆ ಬಿಲ್ಲಿನ ಹಾಗೆ ಹರಡುತ್ತದೆ, ನಡುವಿನ ಚರ್ಮ ತಿಳಿಯಾಗುತ್ತಾ ಬರುತ್ತದೆ. ಗಂಡಸರಲ್ಲಿ ವೃಷಣದ ಚೀಲವನ್ನು ಸಾಮಾನ್ಯವಾಗಿ ಬಿಟ್ಟಿರುತ್ತದೆ. ಅಲ್ಲೂ ಕೆಂಪಾಗಿ ಸುತ್ತ ಚಿಕ್ಕ ಚುಕ್ಕೆಗಳಿದ್ದರೆ ಅದು ಬೇರೆ ಜಾತಿಯ ಫಂಗಸ್ ಇರಬಹುದು. ಸ್ಟಿರಾಯ್ಡ್ ಹಚ್ಚಿದವರಲ್ಲಿ ಈ ಅಂಚೇ ಅಳಿಸಿಹೋಗಿರುತ್ತದೆ. ಆಗ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ.

ಯಲಹಂಕದ ಮೇಡಂ, ನಿಮ್ಮ ಮಗನದು ಬೆವರುಸಾಲೆಯೇ. ಇದು ಬೇರೆ, ತಣ್ಣಗಿಟ್ಟ ಮಾತ್ರಕ್ಕೆ ಹೋಗುವುದಿಲ್ಲ.

ಚೀಟಿಯಲ್ಲಿ ಇಷ್ಟು ಬರೆಯಿರಿ. ಕ್ಲೋಟ್ರಿಮಜೋಲ್‌ನಂಥ ಬರೀ ಫಂಗಸ್ ಕ್ರೀಮು, ಒಣಗಿದ ಚರ್ಮಕ್ಕೆ ದಿನಕ್ಕೆರಡು ಸಲ, ಅಂಚಿನಿಂದ ಎರಡು ಬೆರಳು ಆಚೆಗೂ ಹಚ್ಚಬೇಕು. ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ, ಕಲೆ ಹೋದ ಮೇಲೂ ಒಂದೆರಡು ವಾರ ಬಿಡಬಾರದು. ಎರಡು ವಾರಕ್ಕೂ ಜಗ್ಗದಿದ್ದರೆ ಡಾಕ್ಟರಿಗೆ ತೋರಿಸಲಿ, ಸಕ್ಕರೆ ಕಾಯಿಲೆ ಇದ್ದವರು ಅಷ್ಟೂ ಕಾಯಬಾರದು. ಕಾಲ್ಬೆರಳ ಸಂದಿಯನ್ನೂ ನೋಡಿಕೊಳ್ಳಲಿ. ಎಷ್ಟೋ ಸಲ ಅಲ್ಲಿಂದಲೇ ಚಡ್ಡಿ ಏರಿಸುವಾಗ ಮೇಲಕ್ಕೆ ಬರುತ್ತದೆ, ಮೊದಲು ಸಾಕ್ಸ್ ಹಾಕಿಕೊಂಡು ಆಮೇಲೆ ಚಡ್ಡಿ ಹಾಕಿ ಅನ್ನುವುದು ಅದಕ್ಕೇ.

ಹುಬ್ಬಳ್ಳಿಯವನು, ಈಗ ವಿಜಯನಗರದಲ್ಲಿ:
ನಮ್ಮ ಕಡೆ 'ಗಜಕರ್ಣ' ಅಂತಾರೆ. ಹುಳುಕಡ್ಡಿ ಬರೆದರೆ ನಿಜವಾದ ಹುಳು ಅಂದುಕೊಳ್ಳುವವರಿದ್ದಾರೆ ಮೇಡಂ. ನಮ್ಮ ಅಜ್ಜ ಹುಳ ಸಾಯಲಿ ಅಂತ ಸೀಮೆಎಣ್ಣೆ ಹಚ್ಚಿಕೊಂಡು ಬೊಬ್ಬೆ ಬರಿಸಿಕೊಂಡಿದ್ದರು.

ಮೊದಲು ಕೇಳಿದವನು:
ಅಜ್ಜನ ವಿಷಯ ಓದಿ ಯೋಚನೆಗೆ ಬಿದ್ದೆ. ಮೇಲೆ 'ಹುಳುಕಡ್ಡಿ (ಗಜಕರ್ಣ)' ಎಂದು ಹಾಕಿ, ಕೆಳಗೆ "ಇದು ಹುಳುವಿನಿಂದ ಬರುವುದಲ್ಲ, ಬೆವರು ಆರದ ಬಟ್ಟೆಯೊಳಗೆ ಬೆಳೆಯುವ ಫಂಗಸ್" ಎಂದು ಸೇರಿಸುತ್ತೇನೆ. 'ಶಿಲೀಂಧ್ರ' ಎಂದು ಬರೆದು ಫ್ಯಾಕ್ಟರಿಯಲ್ಲಿ ನಾಲ್ವರಿಗೆ ಓದಿಸಿದೆ, ಒಬ್ಬರಿಗೂ ಅರ್ಥವಾಗಲಿಲ್ಲ. 'ಬೂಷ್ಟು' ಎಂದಾಗ ಹಳಸಿದ ಬ್ರೆಡ್ಡಿನ ಮೇಲೆ ಬರೋದಾ ಎಂದು ಒಬ್ಬಾಕೆ ಕೇಳಿದರು. ಅದೇ ಜಾತಿ ಅಲ್ವಾ? ಹಾಗಾದರೆ 'ಚರ್ಮದ ಬೂಷ್ಟು' ಎನ್ನಬಹುದೇ, ಅಥವಾ ಕೇಳಿದವರಿಗೆ ಗಲೀಜು ಅನ್ನಿಸಿ ಮುಚ್ಚಿಡುವುದು ಇನ್ನೂ ಜಾಸ್ತಿಯಾಗುತ್ತದೆಯೇ?

ಮೇಷ್ಟ್ರು:
ಬೂಷ್ಟು ಚೆನ್ನಾಗಿದೆ. ದದ್ದನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ.