‘ಶೇಕಡಾ 5ರ ದೋಷದ ಅಂಚು’ ಎಂದರೆ ಎಷ್ಟು?

ಪ್ರಶ್ನೆ, ಬಸವನಗುಡಿಯಿಂದ

ಮಾನ್ಯರೆ,

ಪದವಿ ವಿದ್ಯಾರ್ಥಿಗಳಿಗಾಗಿ ಸಮೀಕ್ಷೆಯ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನ 1,200 ವಿದ್ಯಾರ್ಥಿಗಳಲ್ಲಿ ಮೆಟ್ರೊದಲ್ಲಿ ಬರುವವರು ಎಷ್ಟು ಪಾಲು ಎಂದು ಅಂದಾಜು ಮಾಡಲು ಎಷ್ಟು ಜನರನ್ನು ಕೇಳಬೇಕು ಎಂಬುದು ಅದರಲ್ಲಿರುವ ಒಂದು ಲೆಕ್ಕ. ‘ಶೇಕಡಾ 95ರ ವಿಶ್ವಾಸ ಮಟ್ಟದಲ್ಲಿ, ಶೇಕಡಾ 5ರ ದೋಷದ ಅಂಚು ಇರುವಂತೆ ಮಾದರಿ ಗಾತ್ರವನ್ನು ಕಂಡುಹಿಡಿಯಿರಿ’ ಎಂದು ಬರೆದು, ಈ ಸೂತ್ರವನ್ನು ಕೊಟ್ಟಿದ್ದೆ. ಇದರಲ್ಲಿ N ಎಂದರೆ ಒಟ್ಟು ಜನ, p ಅಂದಾಜು ಮಾಡಬೇಕಾದ ಪಾಲು, e ದೋಷದ ಅಂಚು, z ವಿಶ್ವಾಸ ಮಟ್ಟಕ್ಕೆ ತಕ್ಕ ಬೆಲೆ, n ಬೇಕಾದ ಮಾದರಿ ಗಾತ್ರ.

```
n0 = z^2 * p * (1 - p) / e^2
n  = n0 / (1 + (n0 - 1) / N)
```

ಕರಡನ್ನು ಓದಿದ ಇಬ್ಬರು ವಿದ್ಯಾರ್ಥಿನಿಯರಲ್ಲಿ ಒಬ್ಬಳಿಗೆ 292, ಇನ್ನೊಬ್ಬಳಿಗೆ 675 ಎಂಬ ಉತ್ತರ ಬಂದಿತು. ಇಬ್ಬರೂ z ಬೆಲೆಯನ್ನು 1.96 ಎಂದೂ, ಪಾಲು ಮೊದಲೇ ತಿಳಿಯದ ಕಾರಣ p ಬೆಲೆಯನ್ನು 0.5 ಎಂದೂ ಹಿಡಿದಿದ್ದರು, ಗುಣಾಕಾರ ಭಾಗಾಕಾರಗಳಲ್ಲಿಯೂ ತಪ್ಪಿರಲಿಲ್ಲ. ಮೊದಲನೆಯವಳು ನನ್ನ ಮಾತನ್ನು ‘50ಕ್ಕೆ ಐದು ಕೂಡಿಸಿ, ಐದು ಕಳೆದು, 45ರಿಂದ 55’ ಎಂದು ಓದಿಕೊಂಡು e ಜಾಗದಲ್ಲಿ 0.05 ಇಟ್ಟಿದ್ದಳು. ಎರಡನೆಯವಳು ‘50ರಲ್ಲಿ ಶೇಕಡಾ 5 ಎಂದರೆ ಎರಡೂವರೆ’ ಎಂದು ಲೆಕ್ಕ ಹಾಕಿ 0.025 ಇಟ್ಟಿದ್ದಳು. ಕನ್ನಡದ ವಾಕ್ಯವಾಗಿ ನೋಡಿದರೆ ಎರಡನೆಯ ಓದೂ ಸರಿಯೇ. ಮೊದಲನೆಯ ಅರ್ಥವನ್ನು ಮಾತ್ರ ಕೊಡುವ ಪದ ನಮ್ಮಲ್ಲಿ ಯಾವುದಿದೆ?

ಉತ್ತರ, ರಾಜಾಜಿನಗರದ ಅನುವಾದಕರಿಂದ

ಇಲ್ಲಿ ‘ಅಂಚು’ ಎಂಬ ಪದವೇ ಬೇಡ. ಸೀರೆಯ ಅಂಚು, ಹೊಲದ ಅಂಚು ಎನ್ನುವಾಗ ನಮಗೆ ಕಾಣುವುದು ಕೊನೆಯ ಗೆರೆಯೇ ಹೊರತು ಎರಡು ಕಡೆಗೂ ಬಿಟ್ಟ ಜಾಗವಲ್ಲ. ‘ದೋಷ’ ಎಂದಾಗಲೂ ಯಾರೋ ತಪ್ಪು ಮಾಡಿದಂತೆ ಕೇಳಿಸುತ್ತದೆ. ಇನ್ನು ಅರ್ಥದ ಮಾತು: ವಿಶ್ವಾಸ ಶೇಕಡಾ 95 ಎಂದು ಹೇಳಿದ ಮೇಲೆ ಉಳಿದ ಶೇಕಡಾ 5 ತಾನೇ ಈ ದೋಷ? ಹಾಗಾದರೆ ಅದನ್ನು ಮತ್ತೆ ಹೇಳುವ ಅಗತ್ಯವೇ ಇಲ್ಲವಲ್ಲ.

ಉತ್ತರ, ಮಲ್ಲೇಶ್ವರದ ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕರಿಂದ

ಅನುವಾದಕರು ಪದದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಅರ್ಥದ ಬಗ್ಗೆ ಹೇಳಿದ್ದನ್ನು ಒಪ್ಪಲಾರೆ. 95 ಮತ್ತು 5 ಕೂಡಿದರೆ ನೂರಾಗುವುದು ಇಲ್ಲಿ ಕೇವಲ ಆಕಸ್ಮಿಕ, ತರಗತಿಯಲ್ಲಿ ಈ ಗೊಂದಲವನ್ನು ನಾನು ಪ್ರತಿ ವರ್ಷವೂ ಕಂಡಿದ್ದೇನೆ. ವಿಶ್ವಾಸ ಮಟ್ಟವನ್ನು 95ರಲ್ಲಿಯೇ ಇರಿಸಿ, ಆಚೀಚೆಯನ್ನು ಐದರಿಂದ ಮೂರಕ್ಕೆ ಇಳಿಸಿ ನೋಡಿ, ಸೂತ್ರದ ಮೊದಲ ಸಾಲಿನ ಉತ್ತರ 385ರಿಂದ 1,068ಕ್ಕೆ ಏರುತ್ತದೆ. ಒಂದನ್ನು ಕದಲಿಸದೆ ಇನ್ನೊಂದನ್ನು ಬದಲಿಸಬಹುದಾದ್ದರಿಂದ ಅವು ಒಂದೇ ಸಂಗತಿಯ ಎರಡು ತುಂಡುಗಳಲ್ಲ. ಇಷ್ಟೇ ಗಾತ್ರದ ಮಾದರಿಯನ್ನು ಮತ್ತೆ ಮತ್ತೆ ಹೊಸದಾಗಿ ಆರಿಸಿ ಅಂದಾಜು ಮಾಡುತ್ತ ಹೋದರೆ, ನೂರರಲ್ಲಿ ಸುಮಾರು 95 ಸಲ ಅಂದಾಜು ನಿಜವಾದ ಪಾಲಿನಿಂದ ಐದಕ್ಕಿಂತ ದೂರ ಹೋಗುವುದಿಲ್ಲ ಎಂಬುದು ಪ್ರಶ್ನೆಯಲ್ಲಿರುವ ಮಾತಿನ ಪೂರ್ಣ ಅರ್ಥ.

ಇಬ್ಬರು ವಿದ್ಯಾರ್ಥಿನಿಯರ ನಡುವಿನ ಅಂತರಕ್ಕೆ ಕಾರಣ e ವರ್ಗವಾಗಿ ಛೇದದಲ್ಲಿ ಕುಳಿತಿರುವುದು. ಅದನ್ನು ಅರ್ಧ ಮಾಡಿದೊಡನೆ 385 ಇದ್ದದ್ದು ನಾಲ್ಕು ಪಟ್ಟಿನಷ್ಟಾಗಿ 1,537 ಆಗುತ್ತದೆ, ಅಂದರೆ ಕಾಲೇಜಿನಲ್ಲಿ ಇರುವವರಿಗಿಂತಲೂ ಹೆಚ್ಚು. ಒಟ್ಟು 1,200 ಜನ ಮಾತ್ರ ಇರುವುದನ್ನು ಎರಡನೆಯ ಸಾಲು ಗಣನೆಗೆ ತಂದುಕೊಳ್ಳುವುದರಿಂದ ಅದು 675ಕ್ಕೆ ಇಳಿಯಿತು. ಸಮೀಕ್ಷೆಯವರ ರೂಢಿಯಲ್ಲಿ ಮೊದಲನೆಯ ಓದೇ ಸರಿ.

ಪತ್ರಿಕೆಗಳಲ್ಲಿಯೂ ಇದೇ ತೊಡಕಿದೆ. ರೆಪೊ ದರ 6.50ರಿಂದ 6.25ಕ್ಕೆ ಬಂದಾಗ ‘ಶೇ 0.25ರಷ್ಟು ಇಳಿಕೆ’ ಎಂದು ಬರೆಯುತ್ತಾರೆ. ಅಲ್ಲಿ ‘25 ಮೂಲಾಂಶ’ ಎಂಬ ಖಚಿತವಾದ ಮಾತಾದರೂ ಇದೆ. ಅದೇ ಜಾಡಿನಲ್ಲಿ ‘ಐದು ಶೇಕಡಾ ಅಂಶಗಳಷ್ಟು ಆಚೀಚೆ’ ಎನ್ನಬಹುದು.

ಉತ್ತರ, ಯಲಹಂಕದ ಪೋಷಕರೊಬ್ಬರಿಂದ

ನನ್ನ ಅನುಭವ ಬೇರೆ. ನಮ್ಮ ಮಗಳ ಶಾಲೆಯಲ್ಲಿ ವಾಹನ ಸೌಕರ್ಯದ ಬಗ್ಗೆ 400 ಪೋಷಕರಿಗೆ ಪ್ರಶ್ನಾವಳಿ ಕಳಿಸಿದರು, ತಿರುಗಿ ಬಂದದ್ದು 60. ಆದರೂ ವರದಿಯಲ್ಲಿ ‘ಮಾದರಿ ಗಾತ್ರ 400’ ಎಂದೇ ಬರೆದರು. ಬಸ್ಸಿನ ಬಗ್ಗೆ ಬೇಸರವಿದ್ದವರೇ ಹೆಚ್ಚಾಗಿ ಉತ್ತರಿಸಿದ್ದರು ಎಂಬುದು ನಮಗೆಲ್ಲ ಗೊತ್ತಿತ್ತು. ಇಲ್ಲಿ 292 ಎಂದರೆ ಕಳಿಸಬೇಕಾದ ಹಾಳೆಗಳೋ, ಬರಬೇಕಾದ ಉತ್ತರಗಳೋ?

ಮತ್ತೆ ಮಲ್ಲೇಶ್ವರದಿಂದ

ಬರಬೇಕಾದ ಉತ್ತರಗಳು. ಹತ್ತರಲ್ಲಿ ಏಳು ಜನ ಉತ್ತರಿಸುತ್ತಾರೆ ಎಂದು ನಂಬುವುದಾದರೆ 418 ಜನರನ್ನು ಕೇಳಬೇಕು. ಆದರೆ ತಾವು ಹೇಳಿದ ಬೇಸರದವರ ತೊಂದರೆ ಹಾಳೆಗಳನ್ನು ಹೆಚ್ಚಿಸುವುದರಿಂದ ನೀಗುವುದಿಲ್ಲ, ಉತ್ತರಿಸದವರನ್ನೇ ಹುಡುಕಿಕೊಂಡು ಹೋಗಿ ಕೇಳಬೇಕಾಗುತ್ತದೆ. ಹೆಸರುಗಳನ್ನು ಹಾಜರಿ ಪುಸ್ತಕದಿಂದ ಚೀಟಿ ಎತ್ತಿಯೇ ಆರಿಸಬೇಕು. ಮೆಟ್ರೊ ನಿಲ್ದಾಣದ ಕಡೆಯ ಗೇಟಿನಲ್ಲಿ ನಿಂತು ಸಿಕ್ಕವರನ್ನು ಕೇಳಿದರೆ 292 ಅಲ್ಲ, 900 ಉತ್ತರ ಬಂದರೂ ಆ ಐದರ ಮಾತನ್ನು ಆಡುವಂತಿಲ್ಲ.

ಮತ್ತೆ ಬಸವನಗುಡಿಯಿಂದ

ತಮ್ಮೆಲ್ಲರಿಗೂ ವಂದನೆಗಳು. ಕೈಪಿಡಿಯ ವಾಕ್ಯವನ್ನು ಈಗ ಹೀಗೆ ತಿದ್ದಿದ್ದೇನೆ: ‘ಶೇಕಡಾ 95ರ ವಿಶ್ವಾಸ ಮಟ್ಟದಲ್ಲಿ, ಅಂದಾಜು 50 ಎಂದು ಬಂದರೆ ಅದನ್ನು 45ರಿಂದ 55ರವರೆಗೆ ಎಂದು ಹೇಳುವಂತಿರಬೇಕು, ಇದಕ್ಕೆ ಎಷ್ಟು ಉತ್ತರಗಳು ಬೇಕು?’ ‘ಆಚೀಚೆ’ ಎಂಬುದು ನನಗೆ ಹಿಡಿಸಿದೆ, ಆದರೆ ಅಧ್ಯಾಯದ ತಲೆಬರಹದಲ್ಲಿ ಅದು ನಿಲ್ಲುವುದೇ ಎಂಬ ಅನುಮಾನವಿದೆ. ‘ಶೇಕಡಾ ಅಂಶ’ದ ವಿಷಯದಲ್ಲಿ ಬೇರೆ ಅಳುಕು: ಶಾಲೆಯಲ್ಲಿ ಭಿನ್ನರಾಶಿಯ ಮೇಲಿನ ಸಂಖ್ಯೆಯನ್ನು ‘ಅಂಶ’ ಎಂದು ಕಲಿತ ಹುಡುಗಿ ಇದನ್ನು ಹೇಗೆ ಓದಿಕೊಂಡಾಳು? ಈ ವಾರ ಅದೇ ಇಬ್ಬರಿಗೆ ಹೊಸ ಕರಡನ್ನು ಕೊಡುತ್ತಿದ್ದೇನೆ. ಅಷ್ಟರೊಳಗೆ ಬೇರೆ ಪದ ಹೊಳೆದವರು ದಯವಿಟ್ಟು ತಿಳಿಸಬೇಕು.